ಜಾಸ್ತಿ ಇದ್ದದ್ದೇ ಮೊದಲು ಮುಗಿದ ಲೆಕ್ಕ: ಲಿಮಿಟಿಂಗ್ ರಿಯೇಜೆಂಟ್ ಕುರಿತ ಒಂದು ಪ್ರಕರಣ

ಹಿನ್ನೆಲೆ

ಹಾಸನದಲ್ಲಿ ಪ್ರಥಮ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಕರಣ ಆ ಗುಂಪಿನ ಒಬ್ಬ ಹುಡುಗಿಯದು. ಅವಳ ಹೆಸರು, ಊರು, ಕಾಲೇಜು ಇಲ್ಲಿ ಬೇಡ. ಮಾತಿನ ಅನುಕೂಲಕ್ಕೆ ರಮ್ಯಾ ಅನ್ನೋಣ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಕ್ಕದ ತಾಲ್ಲೂಕಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಲೆಕ್ಕದಲ್ಲಿ ಚುರುಕು. ಗ್ರಾಂ ಕೊಟ್ಟರೆ ಮೋಲ್ ಮಾಡುತ್ತಾಳೆ, ಸಮೀಕರಣ ಸರಿದೂಗಿಸುತ್ತಾಳೆ. ಆದರೂ ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ ಬಂದರೆ ಒಮ್ಮೆ ಸರಿ, ಒಮ್ಮೆ ತಪ್ಪು. ಯಾವಾಗ ಸರಿ ಬರುತ್ತದೆ, ಯಾವಾಗ ತಪ್ಪುತ್ತದೆ ಅನ್ನೋದು ಅವಳಿಗೇ ಗೊತ್ತಿರಲಿಲ್ಲ.

ಲೆಕ್ಕದ ಸ್ವರೂಪ ಗೊತ್ತಿರುವುದೇ. ಎರಡು ವಸ್ತು ಸೇರಿ ಒಂದು ಹೊಸ ವಸ್ತು ಆಗುತ್ತದೆ. ಎರಡರ ತೂಕವನ್ನೂ ಕೊಟ್ಟಿರುತ್ತಾರೆ. ಯಾವುದು ಮೊದಲು ಮುಗಿಯುತ್ತದೆ, ಎಷ್ಟು ಹೊಸ ವಸ್ತು ಸಿಗುತ್ತದೆ, ಇನ್ನೊಂದರಲ್ಲಿ ಎಷ್ಟು ಉಳಿಯುತ್ತದೆ ಎಂದು ಹೇಳಬೇಕು. ಮೊದಲು ಮುಗಿಯುವುದೇ ಲಿಮಿಟಿಂಗ್ ರಿಯೇಜೆಂಟ್. ಅದು ಮುಗಿದ ಮೇಲೆ ಇನ್ನೊಂದು ಎಷ್ಟಿದ್ದರೂ ಪ್ರಯೋಜನವಿಲ್ಲ.

ಸಮಸ್ಯೆ

ಕಾಲೇಜಿನ ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದಿದ್ದಳು. ಅದರಲ್ಲಿದ್ದ ಲೆಕ್ಕ ಇಷ್ಟು: 8.1 ಗ್ರಾಂ ಅಲ್ಯೂಮಿನಿಯಂ, 28.4 ಗ್ರಾಂ ಕ್ಲೋರಿನ್. ಎಷ್ಟು ಅಲ್ಯೂಮಿನಿಯಂ ಕ್ಲೋರೈಡ್ ಆಗುತ್ತದೆ?

2Al + 3Cl₂ → 2AlCl₃

ಅಲ್ಯೂಮಿನಿಯಂ ಮುಗಿಯುತ್ತದೆ, 40.05 ಗ್ರಾಂ ಸಿಗುತ್ತದೆ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಸೊನ್ನೆ. ಅಷ್ಟೇ. ಯಾಕೆ ತಪ್ಪು ಅಂತ ಒಂದು ಮಾತೂ ಇಲ್ಲ.

ಇಂಥ ಹೊತ್ತಲ್ಲಿ ಸರಿಯಾದ ವಿಧಾನವನ್ನು ಬೋರ್ಡಿನ ಮೇಲೆ ಇನ್ನೊಮ್ಮೆ ಮಾಡಿ ತೋರಿಸಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡದೆ, ಅವಳ ನೋಟ್‌ಬುಕ್ಕಿನ ಹಳೇ ಲೆಕ್ಕಗಳನ್ನು ಒಂದೊಂದಾಗಿ ತೆಗೆಸಿದೆ. ಆಗೊಮ್ಮೆ ಈಗೊಮ್ಮೆ ಸರಿ ಬರುವ ಉತ್ತರದ ಹಿಂದೆ ಯಾವುದೋ ಒಂದು ನಿಯಮ ಇದ್ದೇ ಇರುತ್ತದೆ. ಅದು ಯಾವುದು ಅಂತ ತಿಳಿಯದೆ ಅದರ ಮೇಲೆ ಇನ್ನೊಂದು ನಿಯಮ ಹೇರಿದರೆ, ಎರಡೂ ತಲೆಯಲ್ಲಿ ಒಟ್ಟಿಗೆ ಉಳಿಯುತ್ತವೆ.

ಮೊದಲನೆಯದು ತರಗತಿಯಲ್ಲಿ ಮಾಡಿದ ಅಮೋನಿಯಾ ಲೆಕ್ಕ. N₂ + 3H₂ → 2NH₃. ನೈಟ್ರೋಜನ್ 56 ಗ್ರಾಂ, ಹೈಡ್ರೋಜನ್ 10 ಗ್ರಾಂ. ಹೈಡ್ರೋಜನ್ ಮೊದಲು ಮುಗಿಯುತ್ತದೆ ಎಂದು ಬರೆದಿದ್ದಳು, ಅದು ಸರಿ. ನೈಟ್ರೋಜನ್ 2 ಮೋಲ್ ಇದೆ, ಅದಕ್ಕೆ 6 ಮೋಲ್ ಹೈಡ್ರೋಜನ್ ಬೇಕು, ಇರುವುದು 5. ಆದರೆ ಅವಳು ಆ ದಾರಿಯಲ್ಲಿ ಹೋಗಿರಲಿಲ್ಲ.

"ಇದನ್ನ ಹೇಗೆ ಆರಿಸಿದೆ?" ಅಂದೆ.

"ಅದೇ ಕಡಿಮೆ ಇತ್ತಲ್ಲ ಮೇಡಂ, ಹತ್ತೇ ಗ್ರಾಂ."

ಉತ್ತರ ಸರಿ ಬಂದಿತ್ತು, ಹಾಗಾಗಿ ಯಾರೂ ಕಾರಣ ಕೇಳಿರಲಿಲ್ಲ. ತೂಕ ಕಡಿಮೆ ಇದ್ದದ್ದು ಮೊದಲು ಮುಗಿಯುತ್ತದೆ ಅನ್ನೋ ನಿಯಮ ಆ ದಿನ ಅವಳ ತಲೆಯಲ್ಲಿ ಕೂತಿತು.

ಎರಡನೆಯದು ಕಬ್ಬಿಣ ಮತ್ತು ಗಂಧಕ. Fe + S → FeS. ಕಬ್ಬಿಣ 5.6 ಗ್ರಾಂ, ಗಂಧಕ 4 ಗ್ರಾಂ. ಹಳೇ ನಿಯಮದ ಪ್ರಕಾರ ಗಂಧಕ ಅಂತ ಬರೆದು ತಪ್ಪಿಸಿದ್ದಳು. ನಿಜವಾಗಿ ಕಬ್ಬಿಣ 0.1 ಮೋಲ್, ಗಂಧಕ 0.125 ಮೋಲ್. ತೂಕ ಜಾಸ್ತಿ ಇರುವ ಕಬ್ಬಿಣವೇ ಮೊದಲು ಮುಗಿಯುತ್ತದೆ, ಯಾಕೆಂದರೆ ಅದರ ಒಂದೊಂದು ಪರಮಾಣುವೂ ಹೆಚ್ಚು ಭಾರ. ಇದನ್ನು ತಿದ್ದಿದವರು "ತೂಕ ಅಲ್ಲ, ಮೋಲ್ ನೋಡು" ಎಂದು ಬರೆದಿದ್ದರು. ಮಾತು ಸರಿಯೇ, ಆದರೆ ಅರ್ಧ. ಅವಳು ಅದನ್ನು ತನಗೆ ತಿಳಿದಂತೆ ಪೂರ್ತಿ ಮಾಡಿಕೊಂಡಳು: ಯಾವುದರ ಮೋಲ್ ಕಡಿಮೆಯೋ ಅದೇ ಲಿಮಿಟಿಂಗ್ ರಿಯೇಜೆಂಟ್. ಆಮೇಲೆ ಬಂದ ಲೆಕ್ಕಗಳೆಲ್ಲ ಒಂದಕ್ಕೆ ಒಂದು ಸೇರುವಂಥವು. ಅಲ್ಲೆಲ್ಲ ಈ ನಿಯಮವೂ ನಡೆಯಿತು.

ಅಲ್ಯೂಮಿನಿಯಂ ಲೆಕ್ಕದಲ್ಲಿ ಅದು ಕೈಕೊಟ್ಟಿತು. ಅಲ್ಯೂಮಿನಿಯಂ 8.1 ÷ 27 = 0.3 ಮೋಲ್. ಕ್ಲೋರಿನ್ 28.4 ÷ 71 = 0.4 ಮೋಲ್. ಮೋಲ್ ಕಡಿಮೆ ಇರುವುದು ಅಲ್ಯೂಮಿನಿಯಂ, ತೂಕ ಕಡಿಮೆ ಇರುವುದೂ ಅಲ್ಯೂಮಿನಿಯಂ. ಅವಳ ಎರಡು ನಿಯಮಗಳೂ ಒಂದೇ ಕಡೆ ಬೆರಳು ತೋರಿಸಿದವು. ಆದರೆ ಮೊದಲು ಮುಗಿಯುವುದು ಕ್ಲೋರಿನ್. ತೂಕದಲ್ಲೂ ಜಾಸ್ತಿ, ಮೋಲ್‌ನಲ್ಲೂ ಜಾಸ್ತಿ, ಆದರೂ ಅದೇ ಮೊದಲು ಖಾಲಿ. ಈ ಲೆಕ್ಕ ಹಾಕಿದವರು ಯಾರೋ ಯೋಚನೆ ಮಾಡಿಯೇ ಅಂಕಿ ಆರಿಸಿದ್ದಾರೆ.

ಇಲ್ಲಿ ಇನ್ನೊಂದು ಸಂಶಯವನ್ನೂ ಪರಿಹರಿಸಿಕೊಳ್ಳಬೇಕಿತ್ತು. ಅಲ್ಯೂಮಿನಿಯಂ, 40.05 ಗ್ರಾಂ ಅನ್ನೋ ಇದೇ ತಪ್ಪು ಉತ್ತರ ಬೇರೆ ದಾರಿಯಿಂದಲೂ ಬರಬಹುದು. ಕ್ಲೋರಿನ್‌ಗೆ 71ರ ಬದಲು 35.5 ಹಾಕಿದರೆ 0.8 ಮೋಲ್ ಬರುತ್ತದೆ. ಆಗ ಮುಂದಿನ ಹೆಜ್ಜೆಗಳನ್ನೆಲ್ಲ ಸರಿಯಾಗಿ ಮಾಡಿದರೂ ಅಲ್ಯೂಮಿನಿಯಂ ಅಂತಲೇ ಉತ್ತರ. ಅದೇ ಗುಂಪಿನ ಇನ್ನೊಬ್ಬ ಹುಡುಗ ಮಾಡಿದ್ದು ಅದನ್ನೇ. ಪತ್ರಿಕೆಯಲ್ಲಿ ಇಬ್ಬರದ್ದೂ ಒಂದೇ ತಪ್ಪಿನಂತೆ ಕಾಣುತ್ತದೆ, ಆದರೆ ಇಬ್ಬರಿಗೂ ಬೇಕಾದ ಮದ್ದು ಬೇರೆ. ಅವನಿಗೆ ಕ್ಲೋರಿನ್ ಜೋಡಿಯಾಗಿ ಇರುತ್ತದೆ ಅಂತ ನೆನಪಿಸಿದರೆ ಸಾಕು. ರಮ್ಯಾ 0.4 ಅಂತ ಸರಿಯಾಗಿಯೇ ಬರೆದಿದ್ದಳು. ಅವಳು ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ಏನೇನು ಮಾಡಿ ನೋಡಿದೆವು

ಮೊದಲು ಸೈಕಲ್ ಉದಾಹರಣೆ ಕೊಟ್ಟೆ. ಒಂದು ಅಂಗಡಿಯಲ್ಲಿ 30 ಫ್ರೇಮ್, 40 ಚಕ್ರ ಇವೆ. ಎಷ್ಟು ಸೈಕಲ್ ಕಟ್ಟಬಹುದು? ಯೋಚನೆ ಕೂಡ ಮಾಡದೆ "ಇಪ್ಪತ್ತು, ಚಕ್ರ ಸಾಲಲ್ಲ" ಅಂದಳು. ಚಕ್ರಗಳೇ ಜಾಸ್ತಿ ಇವೆಯಲ್ಲ ಅಂದರೆ, "ಒಂದಕ್ಕೆ ಎರಡು ಬೇಕಲ್ಲ ಮೇಡಂ" ಅಂತ ನಕ್ಕಳು. ಸರಿ, ಅರ್ಥವಾಯಿತು ಅಂದುಕೊಂಡು ಮತ್ತೆ ಅಲ್ಯೂಮಿನಿಯಂ ಲೆಕ್ಕ ಕೊಟ್ಟರೆ ಮತ್ತೆ ಅಲ್ಯೂಮಿನಿಯಂ ಅಂದಳು.

ಯಾಕೆ ಅಂತ ನೋಡಿದರೆ ಕಾರಣ ಸ್ಪಷ್ಟ. ಸೈಕಲ್ ಲೆಕ್ಕದಲ್ಲಿ ಎಷ್ಟು ಬೇಕು ಅನ್ನೋದು ಕಣ್ಣಿಗೇ ಕಾಣುತ್ತದೆ. ಸಮೀಕರಣದಲ್ಲಿ ಅದನ್ನು ಹೇಳುವುದು ಮುಂದೆ ಬರೆದ 2 ಮತ್ತು 3. ಅವಳಿಗೆ ಆ ಅಂಕಿಗಳು ಎರಡೂ ಕಡೆಯ ಪರಮಾಣು ಸಮ ಮಾಡಲು ಹಾಕುವ ಅಂಕಿಗಳಷ್ಟೇ. ಸರಿದೂಗಿಸಿದ ಮೇಲೆ ಅವುಗಳ ಕೆಲಸ ಮುಗಿಯಿತು ಅಂತ ಅವಳ ಎಣಿಕೆ. ಅವೇ ಬೇಡಿಕೆಯ ಪಟ್ಟಿ ಅಂತ ಅವಳಿಗೆ ಹೊಳೆದಿರಲಿಲ್ಲ.

ಆಮೇಲೆ ಗೈಡುಗಳಲ್ಲಿ ಕೊಡುವ ಚುಟುಕು ದಾರಿ ಹಿಡಿದೆವು. ಪ್ರತಿಯೊಂದರ ಮೋಲನ್ನು ಅದರ ಮುಂದಿನ ಅಂಕಿಯಿಂದ ಭಾಗಿಸು, ಯಾವುದು ಚಿಕ್ಕದೋ ಅದೇ ಲಿಮಿಟಿಂಗ್ ರಿಯೇಜೆಂಟ್. 0.3 ÷ 2 = 0.15. 0.4 ÷ 3 = 0.133. ಕ್ಲೋರಿನ್. ಈ ಬಾರಿ ಸರಿ. ಆದರೆ ಮುಂದಿನ ಸಾಲಿನಲ್ಲೇ 0.133 × 133.5 = 17.8 ಗ್ರಾಂ ಅಂತ ಬರೆದಳು. ಭಾಗಿಸಿ ಬಂದ ಸಂಖ್ಯೆಯನ್ನೇ ಅಲ್ಯೂಮಿನಿಯಂ ಕ್ಲೋರೈಡಿನ ಮೋಲ್ ಅಂದುಕೊಂಡಿದ್ದಳು. ಇದು ಚುಟುಕು ದಾರಿಯಲ್ಲಿ ತುಂಬಾ ಸಾಮಾನ್ಯವಾದ ತಪ್ಪು. ಆ 0.133 ಯಾವ ವಸ್ತುವಿನ ಮೋಲೂ ಅಲ್ಲ. ಸಮೀಕರಣವನ್ನು ಬರೆದ ಹಾಗೆ ಎಷ್ಟು ಸಲ ನಡೆಸಬಹುದು ಅನ್ನೋದರ ಲೆಕ್ಕ ಅದು. ಒಂದು ಸಲ ನಡೆದರೆ 2 ಮೋಲ್ AlCl₃ ಬರುತ್ತದೆ, ಹಾಗಾಗಿ 2ರಿಂದ ಗುಣಿಸಬೇಕು. ಈ ಅರ್ಥ ಗೊತ್ತಿದ್ದರೆ ಚುಟುಕು ದಾರಿ ಚೆನ್ನಾಗಿಯೇ ಇದೆ. ಗೊತ್ತಿಲ್ಲದವರಿಗೆ ಅದನ್ನು ಮೊದಲೇ ಕೊಡಬಾರದು ಅಂತ ನನ್ನ ಅಭಿಪ್ರಾಯ. ಉತ್ತರದ ಅರ್ಧ ಸರಿಯಾಗಿ, ಇನ್ನರ್ಧ ಹೊಸ ರೀತಿಯಲ್ಲಿ ತಪ್ಪುತ್ತದೆ.

ತಿರುವು

ಅವಳ ಹಳೇ ಉತ್ತರಕ್ಕೇ ವಾಪಸ್ ಹೋದೆವು. ಸರಿ ದಾರಿ ತೋರಿಸುವುದಕ್ಕಿಂತ, ತಪ್ಪು ಉತ್ತರ ನಿಜ ಅಂತಲೇ ಇಟ್ಟುಕೊಂಡು ಮುಂದೆ ಹೋದರೆ ಏನಾಗುತ್ತದೆ ನೋಡೋಣ ಅಂದೆ.

"ಡಬ್ಬಿಗೆ ಹಾಕಿದ್ದು ಒಟ್ಟು ಎಷ್ಟು ಗ್ರಾಂ?"

8.1ಕ್ಕೆ 28.4 ಕೂಡಿದಳು. "36.5."

"ನಿನ್ನ ಪ್ರಕಾರ ಆಚೆ ಬಂದದ್ದು?"

"40.05..." ಅಂದು ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಹಾಕಿದ್ದಕ್ಕಿಂತ ಜಾಸ್ತಿ ಹೇಗೆ ಬರುತ್ತೆ ಮೇಡಂ?"

ಆ ಪ್ರಶ್ನೆ ಅವಳಿಂದಲೇ ಬಂದಿತು. ಅಲ್ಲಿಂದ ಮುಂದೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ. ಹೆಚ್ಚಾದ ತೂಕ ಎಷ್ಟು ಅಂತ ಅವಳೇ ಕಳೆದಳು: 3.55 ಗ್ರಾಂ. ಅದು ಎಲ್ಲಿಂದ ಬಂತು ಅಂತ ಹುಡುಕಲು ಅಲ್ಯೂಮಿನಿಯಂ ಪೂರ್ತಿ ಖರ್ಚಾಗಲು ಎಷ್ಟು ಕ್ಲೋರಿನ್ ಬೇಕು ನೋಡಿದಳು. 2 ಮೋಲ್ ಅಲ್ಯೂಮಿನಿಯಂಗೆ 3 ಮೋಲ್ ಕ್ಲೋರಿನ್. ಹಾಗಾದರೆ 0.3ಕ್ಕೆ 0.45. ಇರುವುದು 0.4. ಕೊರತೆ 0.05 ಮೋಲ್, ಅದನ್ನು 71ರಿಂದ ಗುಣಿಸಿದರೆ 3.55 ಗ್ರಾಂ. ಲೆಕ್ಕದಲ್ಲಿ ಹೆಚ್ಚಾಗಿ ಬಂದದ್ದು, ಡಬ್ಬಿಯಲ್ಲಿ ಇಲ್ಲದ ಕ್ಲೋರಿನ್‌ನ ತೂಕವೇ. ಒಂದು ಗ್ರಾಂ ಕೂಡ ಆಚೀಚೆ ಇಲ್ಲ.

ಇದು ಕಾಕತಾಳೀಯ ಅಲ್ಲ. ಎರಡು ವಸ್ತು ಸೇರಿ ಒಂದೇ ವಸ್ತು ಆಗುವ ಕಡೆ, ಲಿಮಿಟಿಂಗ್ ರಿಯೇಜೆಂಟನ್ನು ತಪ್ಪಾಗಿ ಆರಿಸಿದರೆ ಬರುವ ಉತ್ತರ ಹಾಕಿದ ಒಟ್ಟು ತೂಕಕ್ಕಿಂತ ಜಾಸ್ತಿ ಇದ್ದೇ ಇರುತ್ತದೆ. ನಾವು ಆರಿಸಿದ ವಸ್ತು ಪೂರ್ತಿ ಖರ್ಚಾಗಿದೆ ಅಂತ ಲೆಕ್ಕ ಹಾಕಿದಾಗ, ಇನ್ನೊಂದು ಇರುವುದಕ್ಕಿಂತ ಹೆಚ್ಚು ಇದೆ ಅಂತ ನಮಗೆ ಗೊತ್ತಿಲ್ಲದೇ ಒಪ್ಪಿಕೊಂಡಿರುತ್ತೇವೆ. ಆ ಇಲ್ಲದ ಪಾಲು ಉತ್ತರದ ತೂಕಕ್ಕೆ ಸೇರಿಬಿಡುತ್ತದೆ. ಹಾಗಾಗಿ ಇಂಥ ಲೆಕ್ಕದಲ್ಲಿ ಬರೀ ಒಂದು ಕೂಡುವಿಕೆಯಿಂದ ಆಯ್ಕೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ನಿಮಿಷವೂ ಬೇಡ. 35.5 ಹಾಕಿದ ಹುಡುಗನಿಗೂ ಇದೇ ಪರೀಕ್ಷೆ ತಪ್ಪು ತೋರಿಸುತ್ತದೆ, ಅವನದ್ದೂ 40.05 ತಾನೇ.

ಅವಳು ನೆಲೆನಿಂತ ವಿಧಾನ

ಆಮೇಲೆ ಅವಳಿಗೆ ಹೊಂದಿದ ವಿಧಾನ ಸರಳವಾದದ್ದು. ಎರಡರಲ್ಲಿ ಯಾವುದಾದರೂ ಒಂದನ್ನು ಹಿಡಿ, ಪೂರ್ತಿ ಖರ್ಚಾಗುತ್ತದೆ ಅಂದುಕೋ. ಅದಕ್ಕೆ ಇನ್ನೊಂದು ಎಷ್ಟು ಬೇಕು ಅಂತ ಸಮೀಕರಣದಿಂದ ತೆಗಿ. ಬೇಕಾದಷ್ಟು ಇದೆಯೋ ಇಲ್ಲವೋ ನೋಡು. ಇದ್ದರೆ ಹಿಡಿದದ್ದೇ ಲಿಮಿಟಿಂಗ್ ರಿಯೇಜೆಂಟ್, ಇಲ್ಲದಿದ್ದರೆ ಇನ್ನೊಂದು. ಮೊದಲು ಯಾವುದನ್ನು ಹಿಡಿದರೂ ಉತ್ತರ ಬದಲಾಗುವುದಿಲ್ಲ. ಇದನ್ನು ಅವಳು ನಂಬಲಿಲ್ಲ, ಕ್ಲೋರಿನ್ ಕಡೆಯಿಂದಲೂ ಮಾಡಿ ನೋಡಿದಳು. 0.4 ಮೋಲ್ ಕ್ಲೋರಿನ್‌ಗೆ 0.2667 ಮೋಲ್ ಅಲ್ಯೂಮಿನಿಯಂ ಬೇಕು, 0.3 ಇದೆ, ಸಾಕು. ಮತ್ತೆ ಕ್ಲೋರಿನ್‌ಗೇ ಬಂತು.

ಉಳಿದದ್ದಕ್ಕೆ ಮೂರು ಸಾಲಿನ ಒಂದು ಪಟ್ಟಿ ಬರೆಸಿದೆ. ಇದರಲ್ಲಿ ಎಲ್ಲವೂ ಮೋಲ್‌ನಲ್ಲೇ ಇರಬೇಕು, ಗ್ರಾಂ ನಡುವೆ ಬರಬಾರದು.

| | ಅಲ್ಯೂಮಿನಿಯಂ | ಕ್ಲೋರಿನ್ | ಅಲ್ಯೂಮಿನಿಯಂ ಕ್ಲೋರೈಡ್ |
|---|---|---|---|
| ಇದ್ದದ್ದು | 0.3 | 0.4 | 0 |
| ಖರ್ಚು ಅಥವಾ ಹುಟ್ಟಿದ್ದು | 0.2667 | 0.4 | 0.2667 |
| ಕೊನೆಗೆ | 0.0333 | 0 | 0.2667 |

ನಡುವಿನ ಸಾಲು ಮಾತ್ರ 2, 3, 2ರ ಅನುಪಾತದಲ್ಲಿ ಇರಬೇಕು. ಮೊದಲ ಸಾಲು ನಾವು ಎಷ್ಟು ಹಾಕಿದೆವೋ ಅಷ್ಟು, ಅದಕ್ಕೆ ಯಾವ ಅನುಪಾತವೂ ಇರಬೇಕಿಲ್ಲ. ಈ ಎರಡನ್ನು ಬೇರೆ ಬೇರೆ ಸಾಲಿನಲ್ಲಿ ನೋಡಿದ ಮೇಲೆ ರಮ್ಯಾಳ ಮುಖ್ಯ ಗೊಂದಲ ಹೋಯಿತು. ಇದ್ದದ್ದನ್ನೂ ಬೇಕಾದದ್ದನ್ನೂ ಅವಳು ಅಲ್ಲಿಯವರೆಗೆ ಒಂದೇ ಅಂದುಕೊಂಡಿದ್ದಳು. ಇನ್ನೊಂದು ಅನುಕೂಲವೂ ಇದೆ. ತಪ್ಪಾಗಿ ಅಲ್ಯೂಮಿನಿಯಂ ಹಿಡಿದು ಇದೇ ಪಟ್ಟಿ ಬರೆದರೆ ಕ್ಲೋರಿನ್‌ನ ಕೊನೇ ಸಾಲಿನಲ್ಲಿ ಮೈನಸ್ 0.05 ಬರುತ್ತದೆ. ಡಬ್ಬಿಯಲ್ಲಿ ಮೈನಸ್ ಇರೋಕೆ ಆಗಲ್ಲ.

ಕೊನೆಗೆ ಗ್ರಾಂ. 0.2667 × 133.5 = 35.6 ಗ್ರಾಂ ಅಲ್ಯೂಮಿನಿಯಂ ಕ್ಲೋರೈಡ್. ಉಳಿದ ಅಲ್ಯೂಮಿನಿಯಂ 0.0333 × 27 = 0.9 ಗ್ರಾಂ. ಎರಡೂ ಕೂಡಿದರೆ 36.5.

ಮೊದಲ ಸಲ ಅವಳಿಗೆ ಇಷ್ಟು ಚೊಕ್ಕವಾಗಿ ಬರಲಿಲ್ಲ. 0.13 ಅಂತ ಎರಡೇ ಅಂಕಿ ಇಟ್ಟುಕೊಂಡು, ಅದನ್ನು ಎರಡರಿಂದ ಗುಣಿಸಿ 0.26 ಮಾಡಿದ್ದಳು. ಅದರಿಂದ 34.71 ಗ್ರಾಂ, ಉಳಿಕೆ 1.08, ಒಟ್ಟು 35.79. ಮತ್ತೆ ತಪ್ಪಿತು ಅಂತ ಎಲ್ಲ ಹೊಡೆದುಹಾಕಲು ಹೊರಟಿದ್ದಳು. ಇಲ್ಲಿ ಎರಡು ರೀತಿಯ ವ್ಯತ್ಯಾಸ ಗುರುತಿಸಬೇಕು. ಆಯ್ಕೆ ತಪ್ಪಿದರೆ ಬರೀ ಹೊಸ ವಸ್ತುವಿನ ತೂಕವೇ ಒಟ್ಟು ತೂಕವನ್ನು ದಾಟುತ್ತದೆ. ಇಲ್ಲಿ ದಾಟಿಲ್ಲ, ಉಳಿಕೆಯನ್ನು ಕೂಡಿದಾಗ ಸ್ವಲ್ಪ ಕಡಿಮೆ ಬಂದಿದೆ, ಅಷ್ಟೇ. ಹೀಗಾದರೆ ಮೊದಲು ದಶಮಾಂಶವನ್ನು ಅನುಮಾನಿಸಬೇಕು. ಭಾಗಾಕಾರ ಮುಗಿಯದಿದ್ದರೆ 4/15 ಅಂತ ಭಿನ್ನರಾಶಿಯಲ್ಲೇ ಇಟ್ಟುಕೊಂಡು ಕೊನೆಗೆ ಮಾತ್ರ ಭಾಗಿಸಿದರೆ ಈ ತಲೆನೋವು ಇರುವುದಿಲ್ಲ. 17.8 ಗ್ರಾಂ ಬಂದಿತ್ತಲ್ಲ, ಅದರಲ್ಲಿ ಮಾತ್ರ ಅಂತರ ದೊಡ್ಡದು. ಕ್ಲೋರಿನ್ ಪೂರ್ತಿ ಖರ್ಚಾಗಿ ಅದೇ 28.4 ಗ್ರಾಂ ಇರುವಾಗ, ಕ್ಲೋರಿನ್ ಇರುವ ವಸ್ತು 17.8 ಗ್ರಾಂ ಹೇಗೆ ಆದೀತು?

ಏನಾಯಿತು

ಮುಂದಿನ ವಾರಗಳಲ್ಲಿ ಅವಳಿಗೆ ಕೊಟ್ಟ ಲೆಕ್ಕಗಳನ್ನು ಬೇಕೆಂತಲೇ ಬೆರೆಸಿದೆ. ತೂಕದ ನಿಯಮ ಸರಿ ಬರುವಂಥದ್ದು, ಮೋಲ್ ನಿಯಮ ಸರಿ ಬರುವಂಥದ್ದು, ಎರಡೂ ತಪ್ಪುವಂಥದ್ದು. ಅಂಕಿ ಹಾಕುವವರು ಇಷ್ಟು ಮಾಡಲೇಬೇಕು. ಅಮೋನಿಯಾ ಲೆಕ್ಕವೊಂದನ್ನೇ ಕೊಟ್ಟರೆ ತೂಕದ ನಿಯಮದವರು ಪಾಸಾಗುತ್ತಾರೆ. ಕಬ್ಬಿಣ ಗಂಧಕದ ಲೆಕ್ಕವೊಂದನ್ನೇ ಕೊಟ್ಟರೆ ಮೋಲ್ ನಿಯಮದವರು ಪಾಸಾಗುತ್ತಾರೆ. ಇವೆರಡನ್ನೂ ಒಟ್ಟಿಗೆ ಕೊಟ್ಟರೆ ಎರಡು ನಿಯಮಗಳಲ್ಲಿ ಯಾವುದನ್ನು ಹಿಡಿದವರಾದರೂ ಒಂದು ಕಡೆ ಸಿಕ್ಕಿಬೀಳುತ್ತಾರೆ. ರಮ್ಯಾ ಕೆಲವು ಸಲ ಹಳೇ ಚಾಳಿಗೆ ಜಾರಿದಳು, ಆದರೆ ಒಟ್ಟು ತೂಕ ಕೂಡಿ ತಾನೇ ಹಿಂದಿರುಗಿದಳು. ನನ್ನ ಹತ್ತಿರ ತರುವ ಮೊದಲೇ ಹೊಡೆದುಹಾಕಿದ ಸಾಲುಗಳು ಅವಳ ನೋಟ್‌ಬುಕ್ಕಿನಲ್ಲಿ ಹೆಚ್ಚಾದವು.

ಈ ಪರೀಕ್ಷೆ ಎಲ್ಲಿ ಸಾಲದು

ತೂಕದ ಪರೀಕ್ಷೆಗೂ ಒಂದು ಮಿತಿಯಿದೆ, ಅದು ಬೇಗನೇ ಎದುರಾಯಿತು. ಪದವಿ ಓದುತ್ತಿದ್ದ ಅವಳ ಅಕ್ಕ ಲ್ಯಾಬಿನಲ್ಲಿ ಆಸ್ಪಿರಿನ್ ಮಾಡಿ ಬಂದು ಅದರ ಲೆಕ್ಕ ಕೇಳಿದ್ದಳಂತೆ. ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಸೇರಿದರೆ ಆಸ್ಪಿರಿನ್ ಜೊತೆಗೆ ಅಸಿಟಿಕ್ ಆಮ್ಲವೂ ಬರುತ್ತದೆ:

C₇H₆O₃ + C₄H₆O₃ → C₉H₈O₄ + C₂H₄O₂

ನಾನು ಅಂಕಿಗಳನ್ನು ಸ್ವಲ್ಪ ಬದಲಿಸಿ ಕೊಟ್ಟೆ. ಸ್ಯಾಲಿಸಿಲಿಕ್ ಆಮ್ಲ 2.76 ಗ್ರಾಂ, ಅಂದರೆ 0.02 ಮೋಲ್. ಅನ್‌ಹೈಡ್ರೈಡ್ 3.06 ಗ್ರಾಂ, ಅಂದರೆ 0.03 ಮೋಲ್. ಒಂದಕ್ಕೆ ಒಂದು, ಹಾಗಾಗಿ ಸ್ಯಾಲಿಸಿಲಿಕ್ ಆಮ್ಲವೇ ಮೊದಲು ಮುಗಿಯುತ್ತದೆ. ಆಸ್ಪಿರಿನ್ 0.02 × 180 = 3.6 ಗ್ರಾಂ. ಲ್ಯಾಬಿನಲ್ಲೂ ಅನ್‌ಹೈಡ್ರೈಡನ್ನೇ ಜಾಸ್ತಿ ಹಾಕುತ್ತಾರೆ. ಹೆಚ್ಚಾದದ್ದು ಕೊನೆಗೆ ನೀರು ಸೇರಿಸಿದಾಗ ಅಸಿಟಿಕ್ ಆಮ್ಲವಾಗಿ ನೀರಿನಲ್ಲೇ ಉಳಿಯುತ್ತದೆ, ಸೋಸಿದಾಗ ಹೋಗುತ್ತದೆ.

ಈಗ ಯಾರಾದರೂ ತಪ್ಪಾಗಿ ಅನ್‌ಹೈಡ್ರೈಡ್ ಹಿಡಿದರು ಅನ್ನೋಣ. ಆಸ್ಪಿರಿನ್ 0.03 × 180 = 5.4 ಗ್ರಾಂ. ಹಾಕಿದ್ದು ಒಟ್ಟು 5.82. ದಾಟಲಿಲ್ಲ! ರಮ್ಯಾ ಗಾಬರಿಯಾದಳು, ಅಷ್ಟು ನಂಬಿದ್ದ ಪರೀಕ್ಷೆ ತಪ್ಪನ್ನು ಬಿಟ್ಟುಬಿಟ್ಟಿತ್ತು. ಆದರೆ ಇಲ್ಲಿ ಹುಟ್ಟುವ ವಸ್ತುಗಳು ಎರಡು. ಅಸಿಟಿಕ್ ಆಮ್ಲವನ್ನೂ ಸೇರಿಸಬೇಕು: 0.03 × 60 = 1.8 ಗ್ರಾಂ. ಒಟ್ಟು 7.2, ಹಾಕಿದ್ದಕ್ಕಿಂತ 1.38 ಗ್ರಾಂ ಜಾಸ್ತಿ. 138ರಿಂದ ಭಾಗಿಸಿದರೆ 0.01 ಮೋಲ್. ಸ್ಯಾಲಿಸಿಲಿಕ್ ಆಮ್ಲ ಎಷ್ಟು ಕಡಿಮೆ ಇತ್ತೋ ಅಷ್ಟೇ. ಅಂದರೆ ಬಲಗಡೆ ಇರುವ ಎಲ್ಲವನ್ನೂ ಕೂಡಿದರೆ ಮಾತ್ರ ಪರೀಕ್ಷೆ ನಡೆಯುತ್ತದೆ. ಬೇಕಾದ ವಸ್ತುವೊಂದನ್ನೇ ನೋಡಿದರೆ ತಪ್ಪು ನುಸುಳಿಹೋಗಬಹುದು.

ಅಕ್ಕ ತೂಗಿದ ಆಸ್ಪಿರಿನ್ ಲೆಕ್ಕದ್ದಕ್ಕಿಂತ ಕಡಿಮೆ ಬಂದಿತ್ತು. ಅದು ಲಿಮಿಟಿಂಗ್ ರಿಯೇಜೆಂಟಿನ ತಪ್ಪಲ್ಲ. ಸ್ವಲ್ಪ ನೀರಿನಲ್ಲಿ ಕರಗಿ ಹೋಗುತ್ತದೆ, ಸ್ವಲ್ಪ ಫಿಲ್ಟರ್ ಕಾಗದಕ್ಕೆ ಅಂಟುತ್ತದೆ. ಲೆಕ್ಕದ್ದಕ್ಕಿಂತ ಜಾಸ್ತಿ ಬಂದಿದ್ದರೆ ಮಾತ್ರ ಅನುಮಾನಿಸಬೇಕಿತ್ತು. ಆಗ ಒಂದೋ ಪುಡಿ ಸರಿಯಾಗಿ ಒಣಗಿಲ್ಲ, ಇಲ್ಲ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ. ಮೊದಲು ಪುಡಿಯನ್ನು ಇನ್ನೊಮ್ಮೆ ಒಣಗಿಸಿ ತೂಗಬೇಕು. ತೂಕ ಇಳಿಯದಿದ್ದರೆ ನೋಟ್‌ಬುಕ್ ತೆಗೆಯಬೇಕು.